ಲಗ್ನದ ವಾಢದಿವಸ: ತಡವಳದ ಮನೆಯೊಂದರಲ್ಲಿ ಐದುನೂರು ರೂಪಾಯಿಯ ಸಂಜೆ

ಮದುವೆಯ ದಿನವನ್ನು ಪ್ರತಿವರ್ಷ ನೆನೆದು ಆಚರಿಸುವ ರೂಢಿ ಸೋಲಾಪುರ, ಅಕ್ಕಲಕೋಟ ಕಡೆಯ ಕನ್ನಡ ಮನೆಗಳಿಗೆ ಹೊಸದು. ಹಿಂದಿನ ತಲೆಮಾರಿಗೆ ತಮ್ಮ ಮದುವೆಯ ತಾರೀಖು ನೆನಪಿರುತ್ತಿರಲಿಲ್ಲ. ಯಾವ ಹಬ್ಬದ ಆಸುಪಾಸು, ಯಾವ ಬರಗಾಲದ ಮರುವರ್ಷ ಎಂಬುದಷ್ಟೇ ನೆನಪು. ಈಗ ಆ ದಿನಕ್ಕೆ ಮರಾಠಿಯಿಂದ ಬಂದ ‘ಲಗ್ನದ ವಾಢದಿವಸ’ ಎಂಬ ಹೆಸರಿದೆ. ಬೇಕರಿಯ ಕೇಕು, ಬಲೂನು, ಗೋಡೆಗೆ ಅಂಟಿಸುವ ಹೊಳೆಯುವ ಅಕ್ಷರಗಳ ಸೆಟ್ಟು ಅದರೊಂದಿಗೆ ಬಂದಿವೆ. ಗಂಡನೋ ಹೆಂಡತಿಯೋ ಇನ್ನೊಬ್ಬರಿಗೆ ತಿಳಿಯದಂತೆ ಏರ್ಪಾಡು ಮಾಡಿ ಬೆರಗುಗೊಳಿಸುವುದೂ ಈ ರೂಢಿಯಲ್ಲಿ ಸೇರಿಕೊಂಡಿದೆ. ಇಬ್ಬರೂ ದುಡಿಯುವ, ತಿಂಗಳ ಕೊನೆಯ ವಾರ ಕೈ ಬಿಗಿಹಿಡಿಯುವ ಮನೆಗೆ ಇದು ಎಷ್ಟು ಒಗ್ಗುತ್ತದೆ, ಒಗ್ಗಬೇಕಾದರೆ ಏನೇನು ಬದಲಾಗಬೇಕು ಎಂಬುದನ್ನು ನಿಜವಾದ ಲೆಕ್ಕ ಹಾಕಿಯೇ ನೋಡಬೇಕು.

ಅದಕ್ಕಾಗಿ ಅಕ್ಕಲಕೋಟ ತಾಲೂಕಿನ ತಡವಳದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಗಂಡನಿಗೆ ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟಾವೆಲ್ ಕಾರ್ಖಾನೆಯ ಕೆಲಸ. ಐದಕ್ಕೆ ಬಿಟ್ಟರೆ ಬೈಕಿನಲ್ಲಿ ಆರೂಕಾಲಿಗೆ ಮನೆ. ಹೆಂಡತಿ ಅಕ್ಕಲಕೋಟದ ಒಂದು ಪತಸಂಸ್ಥೆಯಲ್ಲಿ ಕಾರಕೂನಳು. ಎಸ್‌ಟಿ ಬಸ್ಸು ಹಿಡಿದು ಏಳಕ್ಕೆ ಬರುತ್ತಾಳೆ. ಮನೆಯಲ್ಲಿ ಅತ್ತೆ, ಐದು ವರ್ಷದ ಮಗಳು. ಮದುವೆಯಾದದ್ದು 2019ರ ಮೇ 7ರಂದು, ಬಸವ ಜಯಂತಿಯ ದಿನ. ಹೆಂಡತಿಗೆ ಗೊತ್ತಾಗದಂತೆ ಗಂಡ ಒಂದು ಸಂಜೆ ಹೊಂದಿಸಬೇಕು. ಕೈಯಲ್ಲಿ ಐದುನೂರು ರೂಪಾಯಿ ಇದೆ. ಆ ದಿನ ಅವನಿಗೆ ಸಿಗುವ ಬಿಡುವು ಆರೂಕಾಲರಿಂದ ಏಳರವರೆಗೆ, ಮುಕ್ಕಾಲು ಗಂಟೆ.

ಮೊದಲ ತೊಡಕು ದಿನದ್ದೇ. ಈ ಭಾಗದಲ್ಲಿ ಮದುವೆಗಳು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ ನಡೆಯುತ್ತವೆ. ಸುಗ್ಗಿ ಮುಗಿದಿರುತ್ತದೆ, ಸಾಲೆಗೆ ಸೂಟಿ ಇರುತ್ತದೆ, ಬಸವ ಜಯಂತಿಯೂ ಅಕ್ಷಯ ತೃತೀಯವೂ ಒಂದೇ ತಿಥಿಗೆ ಬರುವುದರಿಂದ ಆ ದಿನ ಮುಹೂರ್ತದ ಗೊಡವೆ ಇರುವುದಿಲ್ಲ. ಆದರೆ ತಿಥಿ ತಾರೀಖಿನ ಜೊತೆ ನಡೆಯುವುದಿಲ್ಲ. 2019ರಲ್ಲಿ ಮೇ 7ಕ್ಕಿದ್ದ ಅದೇ ತಿಥಿ 2023ರಲ್ಲಿ ಏಪ್ರಿಲ್ 22ಕ್ಕೆ, 2024ರಲ್ಲಿ ಮೇ 10ಕ್ಕೆ, 2025ರಲ್ಲಿ ಏಪ್ರಿಲ್ 30ಕ್ಕೆ ಬಂತು. ಅತ್ತೆ, ತವರಿನವರು ತಿಥಿ ಹಿಡಿದು ಆಶೀರ್ವಾದ ಮಾಡಿದರೆ ಗಂಡ ಹೆಂಡತಿ ತಾರೀಖು ಹಿಡಿಯುತ್ತಾರೆ. ಏರ್ಪಾಡು ಮಾಡುವವನು ಇದನ್ನು ಮೊದಲೇ ತಿಳಿದಿದ್ದರೆ ಅದೇ ಅವನಿಗೆ ಅನುಕೂಲ. ತಿಥಿ ಮೊದಲು ಬರುವ ವರ್ಷ ಅಂದು ಮನೆಯವರೆಲ್ಲ ಸೇರಿ ಗುಡಿಗೆ ಹೋಗಿ ಬಂದರೆ ಆ ವರ್ಷದ ಆಚರಣೆ ಮುಗಿಯಿತೆಂದು ಹೆಂಡತಿ ತಿಳಿಯುತ್ತಾಳೆ, ತಾರೀಖಿನ ದಿನ ಖಾಲಿಯಾಗಿ ಉಳಿಯುತ್ತದೆ.

ಆ ಖಾಲಿ ದಿನವೂ ನಿಜಕ್ಕೂ ಖಾಲಿಯೇ ಎಂದು ನೋಡಿಕೊಳ್ಳಬೇಕು. 2024ರ ಮೇ 7ರಂದು ಸೋಲಾಪುರ ಲೋಕಸಭಾ ಕ್ಷೇತ್ರದ ಮತದಾನವಿತ್ತು. ಅಕ್ಕಲಕೋಟವೂ ಅದೇ ಕ್ಷೇತ್ರಕ್ಕೆ ಸೇರಿದ್ದು. ಶಿಕ್ಷಕರಿಗೆ, ಸರಕಾರಿ ನೌಕರರಿಗೆ ಮತಗಟ್ಟೆಯ ಕೆಲಸ ಬಿದ್ದಾಗ ಸಂಜೆ ಆರಕ್ಕೆ ಮತದಾನ ಮುಗಿದರೂ ಯಂತ್ರಗಳನ್ನು ಒಪ್ಪಿಸಿ ಮನೆ ಸೇರುವಷ್ಟರಲ್ಲಿ ರಾತ್ರಿ ಬಹಳವಾಗುತ್ತದೆ. ಅಂಥ ದಿನ ಎಷ್ಟೇ ಚಂದದ ಏರ್ಪಾಡು ಮಾಡಿದರೂ ದಣಿದು ಬಂದವರಿಗೆ ಅದು ಇನ್ನೊಂದು ಕೆಲಸವಾಗಿ ಕಾಣುತ್ತದೆ. ಇಲ್ಲಿ ಲೆಕ್ಕಕ್ಕೆ ಹಿಡಿದಿರುವ 2026ರ ಮೇ 7 ಗುರುವಾರ. ಅಕ್ಕಲಕೋಟದಲ್ಲಿ ಗುರುವಾರವೆಂದರೆ ಸ್ವಾಮಿ ಸಮರ್ಥರ ದರ್ಶನಕ್ಕೆ ಜನ ಮುಗಿಬೀಳುವ ವಾರ. ಬಸ್ಸು ತುಂಬಿ ಬರುತ್ತದೆ, ಹೆಂಡತಿ ಏಳಕ್ಕೆ ಬದಲು ಏಳೂವರೆಗೆ ಬಂದರೂ ಬಂದಾಳು. ಮನೆಯಲ್ಲಿ ಯಾರಿಗಾದರೂ ಗುರುವಾರದ ಉಪವಾಸವಿದ್ದರೆ ಅಡಿಗೆಯ ಯೋಚನೆಯೇ ಬೇರೆಯಾಗಬೇಕು. ಪೇಟೆಯ ಕೆಲಸ ಏನೇ ಇದ್ದರೂ ಅಂದು ಅಕ್ಕಲಕೋಟಕ್ಕೆ ಇಟ್ಟುಕೊಳ್ಳದಿರುವುದು ಜಾಣತನ.

ಈಗ ಬಳಕೆಗೆ ಬಂದಿರುವ ಕೇಕು ಬಲೂನಿನ ಮಾದರಿಯನ್ನು ಈ ಮನೆಗೆ ಹಚ್ಚಿ ನೋಡಬಹುದು. ಮೇ ತಿಂಗಳಲ್ಲಿ ಸೋಲಾಪುರದ ಬಿಸಿಲು 40 ಡಿಗ್ರಿ ದಾಟುವುದು ದಿನದ ಮಾತು. ಸಂಜೆ ಐದಕ್ಕೂ ರಸ್ತೆಯ ಝಳ ಇಳಿದಿರುವುದಿಲ್ಲ. ಬೇಕರಿಯ ಫ್ರಿಜ್ಜಿನಿಂದ ತೆಗೆದ ಕ್ರೀಮ್ ಕೇಕನ್ನು ಬೈಕಿಗೆ ತೂಗುಹಾಕಿಕೊಂಡು ಒಂದು ಗಂಟೆಗೂ ಹೆಚ್ಚು ಬಂದರೆ ಮೇಲಿನ ಕ್ರೀಮು ಸಡಿಲಾಗಿ ಒಂದು ಬದಿಗೆ ಜಾರುತ್ತದೆ, ಬರೆದ ಹೆಸರು ಡಬ್ಬಿಯ ಮುಚ್ಚಳಕ್ಕೆ ಅಂಟುತ್ತದೆ. ಬಲೂನುಗಳದು ಇನ್ನೊಂದು ಪಾಡು. ಕೈಪಂಪಿನಿಂದ ಐವತ್ತು ಬಲೂನು ತುಂಬಿ ಗಂಟು ಹಾಕಿ ಗೋಡೆಗೆ ಅಂಟಿಸಲು ಒಬ್ಬನಿಗೆ ಮುಕ್ಕಾಲು ಗಂಟೆ ಸಾಲುವುದಿಲ್ಲ. ಕಾದ ಗೋಡೆಗೆ ತಗುಲಿದವು ಒಂದೊಂದಾಗಿ ಒಡೆಯುತ್ತವೆ. ಸುಣ್ಣ ಬಳಿದ ಗೋಡೆಯಾದರೆ ಅಂಟುಪಟ್ಟಿ ಕೀಳುವಾಗ ಸುಣ್ಣವೂ ಎದ್ದು ಬರುತ್ತದೆ.

ಇವೆಲ್ಲ ಸಣ್ಣ ತೊಂದರೆಗಳು, ಹೇಗೋ ಸಂಭಾಳಿಸಬಹುದು. ಈ ಮಾದರಿಯ ದೊಡ್ಡ ದೋಷ ಮರುದಿನ ಬೆಳಿಗ್ಗೆ ಕಾಣುತ್ತದೆ. ಒಡೆದ ರಬ್ಬರಿನ ಚೂರು, ನೆಲಕ್ಕೆ ಮೆತ್ತಿದ ಕ್ರೀಮು, ಚೆಲ್ಲಿದ ಹೊಳಪಿನ ಪುಡಿ, ರಾತ್ರಿಯ ಪಾತ್ರೆ ಎಲ್ಲವೂ ಬಸ್ಸಿಗೆ ಹೊರಡುವ ಮುನ್ನ ಹೆಂಡತಿಯ ಪಾಲಿಗೆ ಬೀಳುತ್ತವೆ. ಅವಳಿಗಾಗಿಯೇ ಮಾಡಿದ ಸಂಭ್ರಮದ ಕೂಲಿಯನ್ನು ಅವಳೇ ತೆತ್ತಂತಾಗುತ್ತದೆ. ಬಿಡುವಿಲ್ಲದ ಮನೆಯಲ್ಲಿ ಹಣಕ್ಕಿಂತ ತುಟ್ಟಿಯಾದದ್ದು ಬಿಡುವು. ಹೀಗಾಗಿ ಇಂಥ ಸಂಜೆಯನ್ನು ತೂಗುವ ಅಳತೆಯೂ ಅದೇ ಆಗಬೇಕು: ಯಾರಿಗಾಗಿ ಏರ್ಪಾಡು ನಡೆದಿದೆಯೋ ಅವರ ಕೆಲಸ ಆ ದಿನವೂ ಮರುದಿನವೂ ಎಷ್ಟು ಕಡಿಮೆಯಾಯಿತು? ಈ ಪ್ರಶ್ನೆಗೆ ಉತ್ತರವಿಲ್ಲದ ಏರ್ಪಾಡು ಫೋಟೋದಲ್ಲಿ ಎಷ್ಟೇ ಚಂದ ಕಂಡರೂ ಈ ಮನೆಗೆ ಹೊರೆಯೇ.

ಹಾಗಾದರೆ ಬೆರಗು ಎಲ್ಲಿರಬೇಕು? ಅತ್ತೆ, ಮಗು, ಆಚೆಮನೆ ಈಚೆಮನೆಯವರು ಸದಾ ಓಡಾಡುವ ಊರಿನಲ್ಲಿ ದೊಡ್ಡ ಗುಟ್ಟು ನಿಲ್ಲುವುದಿಲ್ಲ. ಇಂದು ಯಾವ ದಿನವೆಂಬುದು ಹೆಂಡತಿಗೂ ಗೊತ್ತೇ ಇರುತ್ತದೆ. ಅವಳು ಊಹಿಸದಿರುವುದು ಒಂದೇ: ಬಸ್ಸಿಳಿದು ಬಂದಾಗ ಒಲೆಯ ಮುಂದೆ ಅವಳಿಗೆ ಕೆಲಸವಿಲ್ಲ ಎಂಬುದು. ಅದನ್ನೇ ಗುಟ್ಟಾಗಿಟ್ಟುಕೊಂಡರೆ ಉಳಿದ ಸಾಮಾನುಗಳನ್ನು ಮುಚ್ಚಿಡುವ ಕಷ್ಟ ಬಹಳ ಕಡಿಮೆಯಾಗುತ್ತದೆ. ಮೇ ತಿಂಗಳಲ್ಲಿ ಮನೆಗೆ ಮಾವಿನಹಣ್ಣು ಬಂದರೆ ಯಾರೂ ಅನುಮಾನ ಪಡುವುದಿಲ್ಲ. ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಯ ಪೊಟ್ಟಣ ಈ ಮನೆಗಳಲ್ಲಿ ಯಾವಾಗಲೂ ಇರುವಂಥವೇ. ದುಡ್ಡಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರ ಬೇಕು. ಫೋನಿನಿಂದ ಹಣ ಕೊಟ್ಟರೆ ಜಂಟಿ ಖಾತೆಯ ಸಂದೇಶ ಹೆಂಡತಿಯ ಮೊಬೈಲಿಗೂ ಹೋಗಬಹುದು. ದಿನವಿಡೀ ಲೆಕ್ಕ ನೋಡುವ ಪತಸಂಸ್ಥೆಯ ಕಾರಕೂನಳಿಗೆ ಅಷ್ಟು ಸುಳಿವು ಸಾಕು. ಈ ಖರ್ಚು ರೊಕ್ಕದಲ್ಲೇ ಆಗಬೇಕು.

ಐದುನೂರನ್ನು ಹಂಚುವಾಗ ಅರ್ಧಕ್ಕಿಂತ ಹೆಚ್ಚು ಊಟಕ್ಕೆ ಇಡುವುದು ಸರಿ. ಒಂದೂವರೆ ಕಿಲೋ ಮಾವಿನಹಣ್ಣಿಗೆ ಇನ್ನೂರರ ಮೇಲೆ, ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಗೆ ನೂರೈವತ್ತರ ಒಳಗೆ, ಮಲ್ಲಿಗೆ ಮಾಲೆಗೆ ಐವತ್ತು. ಉಳಿದದ್ದು ಹಾಲು, ಮೊಸರಿಗೆ. ದರ ವರ್ಷಕ್ಕೊಂದು ಬಗೆ ಇರುವುದರಿಂದ ಹಣ್ಣು ತುಟ್ಟಿಯಾದರೆ ತೂಕ ಇಳಿಸಬೇಕೇ ಹೊರತು ಮಿತಿ ಏರಿಸಬಾರದು. ಕಡಲೆ ಹಿಟ್ಟು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಎಣ್ಣೆ ಮನೆಯಲ್ಲೇ ಇರುತ್ತವೆ.

ರೊಟ್ಟಿ ಚಟ್ನಿ ಹಿಂದಿನ ಭಾನುವಾರವೇ, ಅಂದರೆ ಮೇ 3ಕ್ಕೆ ಬರಬೇಕು. ತೆಳ್ಳಗೆ ಬಡಿದು ಗರಿಗರಿಯಾಗಿ ಒಣಗಿಸಿದ ಬಿಳಿಜೋಳದ ಖಡಕ್ ರೊಟ್ಟಿ ಬೇಸಿಗೆಯ ಒಣಹವೆಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಗಂಡಸಿನ ಮುಕ್ಕಾಲು ಗಂಟೆಯಲ್ಲಿ ರೊಟ್ಟಿ ಬಡಿಯುವುದು ಆಗದ ಮಾತು. ರೂಢಿಯಿಲ್ಲದ ಕೈಗೆ ಜೋಳದ ಹಿಟ್ಟು ಒಲಿಯುವುದಿಲ್ಲ, ಅಂಚು ಬಿರಿಯುತ್ತದೆ. ಆ ಸಾಹಸ ಬೇರೊಂದು ದಿನಕ್ಕಿರಲಿ. ಚಟ್ನಿ ಕೊಳ್ಳುವಾಗ ನೋಡಿ ತರಬೇಕು. ಹುರಿದ ಶೇಂಗಾ, ಬಳ್ಳೊಳ್ಳಿ, ಒಣಖಾರ, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿದ ಸೋಲಾಪುರದ ಚಟ್ನಿಯನ್ನು ಬೆರಳ ನಡುವೆ ಒತ್ತಿದರೆ ಎಣ್ಣೆ ಬಿಡುತ್ತದೆ, ಹಿಡಿದರೆ ಮುದ್ದೆಯಾಗುತ್ತದೆ. ಮಿಕ್ಸರಿನಲ್ಲಿ ಪುಡಿ ಮಾಡಿದ್ದು ಒಣಗಿಕೊಂಡು ಉದುರುತ್ತದೆ. ಹಳತಾದದ್ದರ ಗುರುತು ಮೂಗಿಗೇ ಸಿಗುತ್ತದೆ, ಶೇಂಗಾ ಎಣ್ಣೆ ಕನರಿದ ವಾಸನೆ ಮುಚ್ಚಿದ ಪೊಟ್ಟಣದಿಂದಲೂ ಬರುತ್ತದೆ.

ಮಾವಿನಹಣ್ಣನ್ನೂ ಅದೇ ದಿನ ಸ್ವಲ್ಪ ಗಟ್ಟಿಯಿರುವಂತೆ ತಂದು ಜೋಳದ ಚೀಲದಲ್ಲೋ ಹುಲ್ಲಿನಲ್ಲೋ ಇಟ್ಟರೆ ಗುರುವಾರಕ್ಕೆ ಹದಕ್ಕೆ ಬರುತ್ತವೆ. ತೊಟ್ಟಿನ ಬಳಿ ಒತ್ತಿದಾಗ ಮೆತ್ತಗಾಗಿ ಪರಿಮಳ ಬಿಟ್ಟರೆ ಸೀಕರಣೆಗೆ ಸರಿ. ಗಟ್ಟಿಯಿದ್ದು ಹುಳಿ ಉಳಿದ ಹಣ್ಣಿಗೆ ಹಾಲು ಬೆರೆಸಿದರೆ ಒಡೆದು ಹೋಗುತ್ತದೆ. ಹುಳಿಯ ಅನುಮಾನವಿದ್ದರೆ ಹಾಲು ಬಿಟ್ಟು ಬೆಲ್ಲ, ಏಲಕ್ಕಿ ಮಾತ್ರ ಹಾಕುವುದು ಒಳ್ಳೆಯದು. ತಿರುಳು ಹಿಂಡಿ ತೆಗೆಯುವ ಕೆಲಸವನ್ನು ಅತ್ತೆ ಮೊಮ್ಮಗಳನ್ನು ಜೊತೆಗೆ ಕೂರಿಸಿಕೊಂಡು ಮಧ್ಯಾಹ್ನವೇ ಮಾಡಿ ತಣ್ಣಗೆ ಇಟ್ಟಿರಬಹುದು.

ಇಲ್ಲಿ ಅತ್ತೆಯ ಪಾತ್ರ ದೊಡ್ಡದು, ಸೂಕ್ಷ್ಮವಾದದ್ದೂ ಹೌದು. ನಗರದಿಂದ ಬಂದ ಮಾದರಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಮನೆಯ ಉಳಿದವರಿಗೆ ಅಲ್ಲಿ ಜಾಗವೇ ಇಲ್ಲ. ಒಂದು ಸೂರಿನಡಿ ಮೂರು ತಲೆಮಾರು ಇರುವ ಕಡೆ ಹಿರಿಯಳನ್ನು ಬದಿಗಿಟ್ಟು ಬಾಗಿಲು ಮುಚ್ಚಿಕೊಂಡು ಉಣ್ಣುವುದು ಮನಸ್ಸು ಕೆಡಿಸುವ ದಾರಿ. ಮಗ ಹೆಂಡತಿಗಾಗಿ ಒಲೆ ಹಚ್ಚುತ್ತಾನೆಂಬುದೇ ಕೆಲವು ತಾಯಂದಿರಿಗೆ ನುಂಗಲಾಗದ ಸಂಗತಿ. ಅದನ್ನು ಅವರಿಗೆ ಸುದ್ದಿಯಂತೆ ಮುಟ್ಟಿಸುವ ಬದಲು ಮೂರು ದಿನ ಮೊದಲೇ ಕೇಳಬೇಕು: “ಅವ್ವಾ, ಝುಣಕಾ ಹೆಂಗ ಮಾಡೂದು, ನನಗೊಂದ್ಸಲ ಹೇಳು.” ಕಲಿಸಿದವಳಿಗೆ ಆ ಅಡಿಗೆ ತನ್ನದೂ ಆಗುತ್ತದೆ. ಜೊತೆಗೆ ಗುರುವಾರ ಸಂಜೆ ಅವರು ಎಂದಿನಂತೆ ಅನ್ನಕ್ಕೆ ಇಡದಿರುವುದು ಬಹಳ ಮುಖ್ಯ. ಅನ್ನ ಸಾರು ಆಗಲೇ ಆಗಿದ್ದರೆ ಎರಡು ಅಡಿಗೆ, ಎರಡು ಪಟ್ಟು ಪಾತ್ರೆ. ಮಗಳಿಗೆ ಮಾತ್ರ ಆರೂವರೆಯ ತನಕ ಏನೂ ಹೇಳಬಾರದು. ಐದು ವರ್ಷದ ಬಾಯಲ್ಲಿ ಗುಟ್ಟು ಬಸ್ ಸ್ಟ್ಯಾಂಡಿನವರೆಗೂ ನಿಲ್ಲುವುದಿಲ್ಲ.

ಅಂದಿನ ಮುಕ್ಕಾಲು ಗಂಟೆಯಲ್ಲಿ ಅಡಿಗೆಗೆ ಬೇಕಾದದ್ದು ಇಪ್ಪತ್ತೈದು ನಿಮಿಷ. ಝುಣಕಕ್ಕೆ ಒಂದು ಬಟ್ಟಲು ಕಡಲೆ ಹಿಟ್ಟಿಗೆ ಎರಡೂವರೆ ಬಟ್ಟಲು ನೀರು. ಹಿಟ್ಟನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೆ ಗಂಟಾಗುತ್ತದೆ. ಹೊಸಬರು ಮಾಡುವ ತಪ್ಪು ಇದೇ. ಒಂದು ಬಟ್ಟಲು ತಣ್ಣೀರಿನಲ್ಲಿ ಹಿಟ್ಟನ್ನು ಮೊದಲೇ ಕಲಸಿ ಗಂಟಿಲ್ಲದಂತೆ ಇಟ್ಟುಕೊಳ್ಳಬೇಕು. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ ಸಿಡಿಸಿ, ಜಜ್ಜಿದ ಆರೇಳು ಎಸಳು ಬಳ್ಳೊಳ್ಳಿ, ಮೂರು ನಾಲ್ಕು ಹಸಿಮೆಣಸಿನಕಾಯಿ, ಹೆಚ್ಚಿದ ಎರಡು ಉಳ್ಳಾಗಡ್ಡಿ ಹಾಕಿ ಬಾಡಿಸಬೇಕು. ಅರಿಸಿನ, ಉಪ್ಪು, ಉಳಿದ ಒಂದೂವರೆ ಬಟ್ಟಲು ನೀರು ಹಾಕಿ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಕಲಸಿದ ಹಿಟ್ಟನ್ನು ಒಂದು ಕೈಯಿಂದ ಸುರಿಯುತ್ತ ಇನ್ನೊಂದು ಕೈಯಿಂದ ತಿರುವಬೇಕು. ಮುಚ್ಚಳ ಮುಚ್ಚಿ ಐದು ನಿಮಿಷ ಸಣ್ಣ ಉರಿಯಲ್ಲಿ ಬಿಟ್ಟರೆ ಬೇಯುತ್ತದೆ. ಝುಣಕ ಬಾಣಲೆಯ ಅಂಚು ಬಿಟ್ಟು ಬಂದು, ಹಸಿ ಹಿಟ್ಟಿನ ವಾಸನೆ ಹೋಗಿ, ಬದಿಯಲ್ಲಿ ಎಣ್ಣೆ ಕಂಡರೆ ಆಗಿದೆ ಎಂದರ್ಥ. ಹಸಿ ವಾಸನೆ ಇನ್ನೂ ಇದ್ದರೆ ಎರಡು ಚಮಚ ನೀರು ಚಿಮುಕಿಸಿ ಮತ್ತೆರಡು ನಿಮಿಷ ಮುಚ್ಚಿದರೆ ಸರಿಹೋಗುತ್ತದೆ. ತಳ ಹತ್ತಿದರೆ ಮಾತ್ರ ಕೆದಕಬಾರದು, ಮೇಲಿನದಷ್ಟೇ ಬೇರೆ ಪಾತ್ರೆಗೆ ತೆಗೆದುಕೊಳ್ಳಬೇಕು.

ಝುಣಕ, ಖಡಕ್ ರೊಟ್ಟಿ, ಎಣ್ಣೆ ಹಾಕಿ ಕಲಸಿದ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಸೀಕರಣೆ. ಊಟ ಇಷ್ಟೇ. ಹಬ್ಬದ ದಿನ ಇದು ಸಾಲದು, ಹೋಳಿಗೆಯಿಲ್ಲದೆ ಎಂಥ ಊಟ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವಂತಿಲ್ಲ, ಶೇಂಗಾ ಹೋಳಿಗೆಯ ಸಿಹಿಗೆ ಈ ನಾಡಿನಲ್ಲಿ ಸಮನಾದದ್ದಿಲ್ಲ. ಆದರೆ ಹೋಳಿಗೆ ಮಾಡಿದರೆ ಅತ್ತೆ ಇಡೀ ಮಧ್ಯಾಹ್ನ ಒಲೆಯ ಮುಂದೆ ಕೂರಬೇಕಾಗುತ್ತದೆ. ಸೊಸೆಯ ಬಿಡುವನ್ನು ಅತ್ತೆಯ ಬೆವರಿನಿಂದ ಕೊಳ್ಳುವುದು ನ್ಯಾಯವಲ್ಲ. ಅತ್ತೆಗೆ ಹಲ್ಲಿನ ತೊಂದರೆಯಿದ್ದರೆ ಖಡಕ್ ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ಹತ್ತು ನಿಮಿಷ ನೆನೆಸಿಟ್ಟಿರಬೇಕು. ಹೊತ್ತಿಗೆ ನೆನಪಾಗದೆ ಬಿಟ್ಟುಹೋಗುವುದು ಇಂಥದ್ದೇ, ಹಿರಿಯರು ನೆನಪಿಟ್ಟುಕೊಳ್ಳುವುದೂ ಇದನ್ನೇ.

ಉಳಿದ ಇಪ್ಪತ್ತು ನಿಮಿಷ ಮಾಳಿಗೆಗೆ. ಇಲ್ಲಿನ ಮನೆಗಳ ಚಪ್ಪಟೆ ಮಾಳಿಗೆ ಬೇಸಿಗೆಯ ರಾತ್ರಿಗೆ ಇರುವ ಅತ್ಯುತ್ತಮ ಕೋಣೆ. ಅದಕ್ಕೆ ಅಲಂಕಾರ ಬೇಡ, ಬಾಡಿಗೆ ಇಲ್ಲ. ಆದರೆ ಅದರ ಸ್ವಭಾವ ತಿಳಿದಿರಬೇಕು. ದಿನವಿಡೀ ಕಾದ ಸಿಮೆಂಟಿನ ಮಾಳಿಗೆ ಸೂರ್ಯ ಮುಳುಗಿದ ಮೇಲೂ ಬಿಸಿ ಬಿಡುತ್ತಲೇ ಇರುತ್ತದೆ. ಮೇ ಮೊದಲ ವಾರದಲ್ಲಿ ಇಲ್ಲಿ ಹೊತ್ತು ಮುಳುಗುವುದು ಏಳರ ಸುಮಾರಿಗೆ. ಏಳೂವರೆಗೇ ಮೇಲೆ ಕರೆದೊಯ್ದರೆ ಕಾದ ಹಂಚಿನ ಮೇಲೆ ಕೂರಿಸಿದಂತಾಗುತ್ತದೆ. ಆರೂಮುಕ್ಕಾಲಿಗೆ ಕಸ ಗುಡಿಸಿ ಒಂದು ಬಕೆಟ್ ನೀರು ಚಿಮುಕಿಸಬೇಕು, ಎಂಟರ ಹೊತ್ತಿಗೆ ಇನ್ನೊಂದು. ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಮೊದಲನೆಯದು ನೋಡನೋಡುತ್ತ ಆರಿಹೋಗುತ್ತದೆ, ನಿಜವಾದ ತಂಪು ಎರಡನೆಯದರಿಂದ. ಬೇಸಿಗೆಯಲ್ಲಿ ನೀರಿಗೆ ತತ್ವಾರ ಇರುವುದರಿಂದ ಬೆಳಿಗ್ಗೆ ಅರಿವೆ ಜಾಲಿಸಿದ ನೀರನ್ನೇ ಇದಕ್ಕೆ ಹಿಡಿದಿಡಬಹುದು. ಹಳೆಯ ಮಣ್ಣಿನ ಮಾಳಿಗೆಯಾದರೆ ಬಕೆಟ್ ಸುರಿಯುವಂತಿಲ್ಲ, ಮಣ್ಣು ನೀರು ಕುಡಿದು ಒಳಗೆ ಸೋರುತ್ತದೆ. ಅಲ್ಲಿ ಕೈಯಿಂದ ಚಿಮುಕಿಸಿದರೆ ಸಾಕು, ಮಣ್ಣು ಬಹುಬೇಗ ತಣಿಯುತ್ತದೆ.

ಹಾಸಲು ಮದುವೆಯಲ್ಲಿ ಆಯೇರು ಬಂದ ಸೋಲಾಪುರ ಚಾದರ. ಬಹಳ ಮನೆಗಳಲ್ಲಿ ಇಂಥ ಚಾದರಗಳು ಟ್ರಂಕಿನ ತಳ ಸೇರಿ ಬಳಕೆಯಾಗದೆ ಉಳಿದಿರುತ್ತವೆ. ಅದನ್ನು ಭಾನುವಾರವೇ ತೆಗೆದು ಬಿಸಿಲಿಗೆ ಹಾಕಿದರೆ ಡಾಂಬರ ಗುಳಿಗೆಯ ವಾಸನೆ ಹೋಗುತ್ತದೆ. ಬೆಳಕಿಗೆ ಚಾರ್ಜಿಂಗ್ ದೀಪವೊಂದು ಬೇಕೇ ಬೇಕು. 2026ರಲ್ಲಿ ಬುದ್ಧ ಪೂರ್ಣಿಮೆ ಮೇ 1ಕ್ಕೇ ಮುಗಿದಿರುವುದರಿಂದ 7ರ ರಾತ್ರಿ ಚಂದ್ರ ಮೂಡುವುದು ಮಧ್ಯರಾತ್ರಿಯ ಸುಮಾರಿಗೆ. ಬೆಳದಿಂಗಳನ್ನು ನಂಬಿದವನು ಕತ್ತಲಲ್ಲಿ ಕೂರಬೇಕಾಗುತ್ತದೆ. ಮೇಣದ ಬತ್ತಿಯ ಸಾಲು ಈ ಮಾಳಿಗೆಗೆ ಸಲ್ಲುವುದಿಲ್ಲ. ಸಂಜೆಯ ಗಾಳಿಗೆ ಅವು ನಿಲ್ಲುವುದಿಲ್ಲ, ನಿಂತರೆ ಸೀರೆಯ ಸೆರಗಿಗೆ ಅಪಾಯ. ಆಸೆಯಿದ್ದರೆ ಪ್ಯಾರಾಪೆಟ್ ಗೋಡೆಯ ಮೂಲೆಯಲ್ಲಿ, ಗಾಳಿ ತಾಗದ ಕಡೆ ಎರಡು ಪಣತಿ ಹಚ್ಚಬಹುದು.

ಮೇ ತಿಂಗಳ ಇನ್ನೊಂದು ಅಪಾಯ ಗುಡುಗು ಮಳೆ. ಮಧ್ಯಾಹ್ನದಿಂದ ಗಾಳಿ ಬಿದ್ದುಹೋಗಿ ಮೈ ಬೆವರಿ, ಸಂಜೆ ಹೊತ್ತಿಗೆ ಆಕಾಶದ ಒಂದು ಬದಿ ಕಪ್ಪಾಗಿ ಎದ್ದರೆ ಮಾಳಿಗೆಯ ಯೋಚನೆ ಕೈಬಿಡಬೇಕು. ಮೊದಲು ಧೂಳಿನ ಗಾಳಿ ಬರುತ್ತದೆ, ಹಿಂದೆಯೇ ಕರೆಂಟು ಹೋಗುತ್ತದೆ. ಆಗ ಅದೇ ಚಾದರ ಪಡಸಾಲೆಯಲ್ಲಿ ಹಾಸಿದರಾಯಿತು. ಏರ್ಪಾಡು ಇಷ್ಟು ಹಗುರವಾಗಿರುವುದರ ಲಾಭವೇ ಅದು. ಗೋಡೆಗೆ ಅಂಟಿಸಿದ ಬಲೂನುಗಳನ್ನು ಹೀಗೆ ಎತ್ತಿಡಲಾಗದು.

ಇನ್ನು ಸಂಜೆಯ ನಡೆ. ಏಳಕ್ಕೆ ಬಂದವಳ ಕೈಗೆ ಮೊದಲು ನೀರು, ಚಹಾ. ಬಾಗಿಲಲ್ಲೇ ಕೂಗಿ ಬೆಚ್ಚಿಬೀಳಿಸುವ ಪದ್ಧತಿ ತುಂಬಿದ ಬಸ್ಸಿನಲ್ಲಿ ನಿಂತು ಬಂದವರಿಗೆ ಹಿತವಲ್ಲ. ಮುಖ ತೊಳೆದು ಅಡಿಗೆಮನೆಗೆ ಹೋದಾಗ ಅಲ್ಲಿ ಎಲ್ಲ ಆಗಿರುವುದನ್ನು ಅವಳೇ ಕಾಣಲಿ. ಏಳೂಮುಕ್ಕಾಲಿಗೆ ಪಡಸಾಲೆಯಲ್ಲಿ ನಾಲ್ವರೂ ಕೂತು ಉಣ್ಣಬೇಕು. ಬಡಿಸುವವನು ಗಂಡ. ಇಡೀ ಊಟವನ್ನು ಮಾಳಿಗೆಗೆ ಹೊರುವುದು ಬೇಡ. ಹತ್ತು ಪಾತ್ರೆ ಮೆಟ್ಟಿಲು ಹತ್ತಿಸಿ ಇಳಿಸುವಷ್ಟರಲ್ಲಿ ಸಂಜೆಯ ಸುಖ ಅರ್ಧವಾಗುತ್ತದೆ, ಹೊರುವವಳೂ ಕೊನೆಗೆ ಅವಳೇ ಆಗುತ್ತಾಳೆ. ಊಟವಾಗಿ ಮಗಳು ಅಜ್ಜಿಯ ಮಗ್ಗುಲು ಸೇರಿದ ಮೇಲೆ, ಎಂಟೂಮುಕ್ಕಾಲರ ಹೊತ್ತಿಗೆ ಇಬ್ಬರೂ ಮೇಲೆ ಹೋಗುವಾಗ ಜೊತೆಗೆ ಎರಡು ಬಟ್ಟಲು ಸೀಕರಣೆ, ಒಂದು ತಂಬಿಗೆ ನೀರು, ಮಲ್ಲಿಗೆ ಮಾಲೆ, ಮದುವೆಯ ಆಲ್ಬಮ್. ಹಾಗೆ ಮಾಡಿದರೆ ಮನೆಯವರೊಂದಿಗಿನ ಊಟವೂ ಆಗುತ್ತದೆ, ಇಬ್ಬರಿಗೇ ಒಂದು ಗಂಟೆಯೂ ಸಿಗುತ್ತದೆ. ಮರುದಿನ ಕೆಲಸವಿರುವುದರಿಂದ ಒಂದು ಗಂಟೆ ಸಾಕು. ಬೇಸಿಗೆಯಲ್ಲಿ ಸೀಕರಣೆ ಹೊರಗಿಟ್ಟರೆ ಬೇಗ ಹುಳಿಯಾಗುತ್ತದೆ, ಕೂತ ಕೂಡಲೇ ತಿನ್ನುವುದು ಒಳ್ಳೆಯದು.

ಕಾಣಿಕೆಯ ಮಾತು ಉಳಿಯಿತು. ಪ್ಲಾಸ್ಟಿಕ್ಕಿನ ಹೃದಯಾಕಾರದ ಏನನ್ನೋ ತರುವುದಕ್ಕಿಂತ ಈ ನಾಡಿನಲ್ಲೇ ಇರುವ ಒಡಪಿನ ಪದ್ಧತಿ ಎಷ್ಟೋ ಮೇಲು. ಮದುವೆಯಲ್ಲಿ ಮುತ್ತೈದೆಯರು ಮದುಮಗಳನ್ನು ಅಡ್ಡಗಟ್ಟಿ ಒಡಪು ಹಾಕಿ ಗಂಡನ ಹೆಸರು ಹೇಳೆಂದು ಕಾಡುತ್ತಾರೆ, ಮರಾಠಿ ಮನೆಗಳಲ್ಲಿ ಅದೇ ಉಖಾಣೆ. ಎರಡು ಸಾಲು, ಕೊನೆಗೆ ಪ್ರಾಸ, ಪ್ರಾಸದ ಹೊತ್ತಿಗೆ ಸರಿಯಾಗಿ ಹೆಸರು. ಈ ಸಂಜೆ ಗಂಡ ಹೆಂಡತಿಯ ಹೆಸರು ಸೇರಿಸಿ ಒಂದು ಒಡಪು ಹೇಳಿದರೆ ಅವಳು ಊಹಿಸದ ಇನ್ನೊಂದು ಸಂಗತಿ ಅದಾಗಿರುತ್ತದೆ. ಕಟ್ಟಲು ಬೈಕಿನ ದಾರಿಯೇ ಸಾಕಷ್ಟು ಉದ್ದವಿದೆ. ಮೊದಲ ಸಾಲಿನಲ್ಲಿ ಅವರ ಮನೆಯದೇ ಒಂದು ವಸ್ತು ಬರಬೇಕು: ಅವಳ ಬಸ್ಸು, ಪತಸಂಸ್ಥೆಯ ಲೆಕ್ಕದ ವಹಿ, ಅವಳು ನೆಟ್ಟ ಕರಿಬೇವಿನ ಗಿಡ. ಎರಡನೆಯ ಸಾಲಿನಲ್ಲಿ ಹೆಸರು. ಫೋನಿನಲ್ಲಿ ಹುಡುಕಿದ ಒಡಪು ಕೂಡಲೇ ಗೊತ್ತಾಗುತ್ತದೆ. ಅದರಲ್ಲಿ ಹೊನ್ನು ಮುತ್ತು ಬೆಳ್ಳಿ ತಟ್ಟೆ ಇರುತ್ತವೆ, ಅವರ ಮನೆ ಇರುವುದಿಲ್ಲ. ಪ್ರಾಸ ತಪ್ಪಿದರೂ ಚಿಂತೆಯಿಲ್ಲ, ಹೆಸರು ತಡವರಿಸದೆ ಬರಬೇಕು. ಅತ್ತೆ, ಮಗಳು ಕೇಳುವಂತೆ ಊಟದ ಹೊತ್ತಿಗೆ ಹೇಳುವುದೋ ಮಾಳಿಗೆಯ ಮೇಲೆ ಹೇಳುವುದೋ ಎಂಬುದು ಹೇಳುವವನ ಧೈರ್ಯಕ್ಕೆ ಬಿಟ್ಟದ್ದು. ಮೊದಲನೆಯದೇ ಹೆಚ್ಚು ಸೊಗಸು.

ಇದೇ ಏರ್ಪಾಡನ್ನು ಹೆಂಡತಿ ಗಂಡನಿಗಾಗಿ ಮಾಡಿದರೆ? ಆಗ ಅಡಿಗೆ ಬೆರಗಾಗುವುದಿಲ್ಲ, ದಿನವೂ ಅವಳೇ ಮಾಡುವುದರಿಂದ. ಏಳಕ್ಕೆ ಬರುವವಳಿಗೆ ಮುಂಚಿತವಾದ ಮುಕ್ಕಾಲು ಗಂಟೆಯೂ ಇಲ್ಲ. ಅಲ್ಲಿ ಅಕ್ಕಲಕೋಟದಿಂದ ಕಟ್ಟಿಸಿ ತಂದ ಬಿಸಿ ಮಿರ್ಚಿ ಭಜಿ, ಚಹಾ, ಮಾಳಿಗೆಯ ಒಂದು ಗಂಟೆ ಸಾಕು. ಮದುವೆ ತುಳಸಿ ಲಗ್ನದ ನಂತರದ ಚಳಿಗಾಲದಲ್ಲಾಗಿದ್ದರೆ ಮಾವಿಲ್ಲ, ಮಲ್ಲಿಗೆ ತುಟ್ಟಿ. ಆದರೆ ಡಿಸೆಂಬರ್ ಕೊನೆ, ಜನವರಿಯ ಹೊತ್ತಿಗೆ ಹೊಲದಲ್ಲಿ ಸೀತನಿ ಬಂದಿರುತ್ತದೆ. ಎಳೆ ಜೋಳದ ತೆನೆ ಸುಟ್ಟು ತಿನ್ನಲು ಶೇಂಗಾ ಚಟ್ನಿ ಇದ್ದರೆ ಊಟಕ್ಕೆ ಬೇರೇನೂ ಬೇಡ. ಮಳೆಗಾಲದ ಮದುವೆಯವರಿಗೆ ಪಡಸಾಲೆಯೇ ಗತಿ.

ಏರ್ಪಾಡು ಫಲಿಸಿತೇ ಎಂದು ತಿಳಿಯಲು ಹೆಂಡತಿಯನ್ನು ಕೇಳಬೇಕಾಗಿಲ್ಲ. ಕೇಳಿದರೆ ಚಂದಿತ್ತು ಎಂದೇ ಹೇಳುತ್ತಾಳೆ. ಊಟದ ನಡುವೆ ಅವಳು ಎಷ್ಟು ಸಲ ತಟ್ಟೆ ಬಿಟ್ಟು ಎದ್ದಳೆಂದು ನೋಡಿದರೆ ಸಾಕು. ಉಪ್ಪಿಗೆ ಒಮ್ಮೆ, ನೀರಿಗೆ ಒಮ್ಮೆ, ಮಗಳ ಕೈ ತೊಳೆಸಲು ಒಮ್ಮೆ ಎದ್ದಿದ್ದರೆ ಬಡಿಸುವವನು ತಯಾರಿ ಕಡಿಮೆ ಮಾಡಿದ್ದಾನೆ. ಅವಳು ಕೂತಲ್ಲೇ ಊಟ ಮುಗಿಸಿ, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಿದ್ದರೆ ಗೆದ್ದಂತೆ.

ಐದುನೂರು ರೂಪಾಯಿ, ಮುಕ್ಕಾಲು ಗಂಟೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬಯಸುವುದು ಕಷ್ಟ. ಕೇಕು ಬಲೂನಿನ ಸಂಜೆಗಿಂತ ಇದು ಅಗ್ಗ, ಹಗುರ, ಹವೆಗೂ ಮನೆಗೂ ಹೆಚ್ಚು ಹೊಂದುವಂಥದ್ದು. ಒಂದೇ ಒಂದು ಕಡೆ ಇದೂ ಕೆಡಬಹುದು: ಮಾಳಿಗೆಯಿಂದ ಇಳಿದು ಬಂದಾಗ ಝುಣಕದ ಬಾಣಲೆ ಬಚ್ಚಲಲ್ಲಿ ಒಣಗುತ್ತ ಬಿದ್ದಿದ್ದರೆ. ಕಡಲೆ ಹಿಟ್ಟು ಒಣಗಿದ ಮೇಲೆ ಉಜ್ಜಿದರೂ ಬಿಡುವುದಿಲ್ಲ. ಊಟವಾದ ಕೂಡಲೇ ಅದಕ್ಕೆ ನೀರು ಹಾಕಿಟ್ಟು, ಮಲಗುವ ಮುನ್ನ ಪಾತ್ರೆಗಳನ್ನೆಲ್ಲ ಗಂಡನೇ ತೊಳೆದು ಬೋರಲು ಹಾಕಬೇಕು.